ಕಂತು ಶುರುವಾಗುವ ದಿನ ಯಾವುದು?

ಕಳೆದ ವರ್ಷವಲ್ಲ, ಅದಕ್ಕೂ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಅಪ್ಪನ ಮೊಬೈಲ್‌ಗೆ ಬ್ಯಾಂಕಿನಿಂದ ಒಂದು ಸಂದೇಶ ಬಂತು. ನನ್ನ ಶಿಕ್ಷಣ ಸಾಲದ ಕಂತು 4,437 ರೂಪಾಯಿ ಬಾಕಿ ಇದೆ, ಕೂಡಲೇ ಕಟ್ಟಿ ಎಂದು. ಅಪ್ಪ ಅದನ್ನು ನನಗೆ ತೋರಿಸಲಿಲ್ಲ. ಅಕ್ಟೋಬರ್‌ನಲ್ಲಿ ಇನ್ನೊಂದು ಬಂತು. ಅದರಲ್ಲಿ ಬಾಕಿ 8,874 ರೂಪಾಯಿ ಆಗಿತ್ತು. ಎಂಜಿನಿಯರಿಂಗ್ ಮುಗಿಸಿ ಮೂರು ತಿಂಗಳಾಗಿತ್ತು. ಕೆಲಸ ಸಿಕ್ಕಿರಲಿಲ್ಲ. ಮನೆಯಲ್ಲಿ ಕೂತು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಅಪ್ಪ ಒಂದು ರಾತ್ರಿ ಊಟದ ಹೊತ್ತಿಗೆ, ‘ಪುಟ್ಟಿ, ಸೊಸೈಟಿಯಲ್ಲಿ ಸ್ವಲ್ಪ ಸಾಲ ಎತ್ತಿ ಈ ಬಾಕಿ ಕಟ್ಟಿಬಿಡ್ತೀನಿ, ನೀನು ಓದ್ಕೊ’ ಎಂದರು. ಆಗಲೇ ನನಗೆ ವಿಷಯ ಗೊತ್ತಾದದ್ದು.

ನಮ್ಮಪ್ಪ ಬಸ್ ಕಂಡಕ್ಟರ್. ದಿನಾ ರಾತ್ರಿ ಡಿಪೊದಲ್ಲಿ ಟಿಕೆಟ್ ಹಣವನ್ನು ರೂಪಾಯಿ ಬಿಡದೆ ಲೆಕ್ಕ ಒಪ್ಪಿಸುವವರು. ಆದರೆ ಮೂರು ವರ್ಷದಿಂದ ನನ್ನ ಸಾಲದ ಸ್ಟೇಟ್‌ಮೆಂಟ್ ಅನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಬ್ಯಾಂಕು ಹೇಳಿದೆ ಎಂದ ಮೇಲೆ ಸರಿಯೇ ಇರುತ್ತದೆ ಎಂಬ ನಂಬಿಕೆ ನಮ್ಮದು. ಸಾಲ ಮಾಡಿದವರಿಗೆ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡೂ ಬಿಡಬೇಕು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮರುದಿನ ನಾನು ಮಾಡಿದ ಮೊದಲ ಕೆಲಸ, ಕಪಾಟಿನಲ್ಲಿದ್ದ ಸಾಲದ ಮಂಜೂರಾತಿ ಪತ್ರ ಹುಡುಕಿ ತೆಗೆದದ್ದು. ಅದರಲ್ಲಿ ಮರುಪಾವತಿಯ ಬಗ್ಗೆ ಒಂದೇ ಸಾಲು ಇತ್ತು: ಕೋರ್ಸ್ ಅವಧಿ ಮತ್ತು ನಂತರದ 12 ತಿಂಗಳು ಮೊರಟೋರಿಯಂ, ಆಮೇಲೆ 120 ಕಂತುಗಳು. ಮೊರಟೋರಿಯಂ ಎಂದರೆ ಕಂತು ಕಟ್ಟಬೇಕಿಲ್ಲದ ಬಿಡುವಿನ ಕಾಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದವಳು ನಾನು. ಪತ್ರದ ಪ್ರಕಾರ ನನ್ನ ಕೋರ್ಸ್ ಮುಗಿಯುವುದು 2024ರ ಜುಲೈ 31ಕ್ಕೆ. ಅದಕ್ಕೆ 12 ತಿಂಗಳು ಸೇರಿಸಿದರೆ 2025ರ ಜುಲೈ 31. ಮೊದಲ ಕಂತು ಬರಬೇಕಾದದ್ದು 2025ರ ಸೆಪ್ಟೆಂಬರ್ 1ಕ್ಕೆ. ಬ್ಯಾಂಕು ಕೇಳುತ್ತಿದ್ದದ್ದು 2024ರ ಸೆಪ್ಟೆಂಬರ್‌ನಿಂದ. ಸರಿಯಾಗಿ ಒಂದು ವರ್ಷ ಮೊದಲು.

ಇಲ್ಲಿ ಒಂದು ಮಾತು. ಎಲ್ಲರ ಪತ್ರದಲ್ಲೂ ಇದೇ ಸಾಲು ಇರುತ್ತದೆ ಎಂದುಕೊಳ್ಳಬೇಡಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಈಗ ಕೋರ್ಸ್ ಅವಧಿಯ ಜೊತೆಗೆ ಒಂದು ವರ್ಷ ಎಂದಿದೆ. ಹಳೆಯ ಸಾಲಗಳಲ್ಲಿ ‘ಕೋರ್ಸ್ ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಅದು’ ಎಂಬ ಷರತ್ತು ಇರುತ್ತಿತ್ತು. ಖಾಸಗಿ ಹಣಕಾಸು ಕಂಪನಿಗಳ ಷರತ್ತು ಬೇರೆಯೇ ಇರಬಹುದು. ಓದುವಾಗಲೇ ಬಡ್ಡಿ ಕಟ್ಟಿ ಎನ್ನುವವರೂ ಇದ್ದಾರೆ. ಆದ್ದರಿಂದ ಗೆಳೆಯರ ಸಾಲ ನೋಡಿ ನಿಮ್ಮ ದಿನಾಂಕ ಲೆಕ್ಕ ಹಾಕಬೇಡಿ. ನೀವು ಸಹಿ ಮಾಡಿದ ಪತ್ರವೇ ನಿಮಗೆ ಆಧಾರ.

ಆಮೇಲೆ ಶಾಖೆಗೆ ಹೋಗಿ ಮೊದಲ ದಿನದಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟ್ ಕೇಳಿದೆ. ಕಳೆದ ಆರು ತಿಂಗಳಿನದ್ದು ಸಾಕೇ ಎಂದರು. ಸಾಲದು ಎಂದೆ. ಶಿಕ್ಷಣ ಸಾಲದ ತಪ್ಪು ಸಾಮಾನ್ಯವಾಗಿ ಹಿಂದೆಲ್ಲೋ ಆಗಿ, ಮುಂದೆಲ್ಲೋ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ಸ್ಟೇಟ್‌ಮೆಂಟೇ ಬೇಕು.

ನನ್ನ ಸಾಲ ಮೂರು ಲಕ್ಷ. ಒಂದೇ ಸಲ ಬಂದದ್ದಲ್ಲ. ಕಾಲೇಜಿಗೆ ವರ್ಷಕ್ಕೊಂದು ಲಕ್ಷದಂತೆ 2021ರ ನವೆಂಬರ್ 1, 2022ರ ಸೆಪ್ಟೆಂಬರ್ 1 ಮತ್ತು 2023ರ ಸೆಪ್ಟೆಂಬರ್ 1ರಂದು ಹೋಗಿತ್ತು. ಓದುವವರಿಗೆ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಾಗಿಸಿ, ಬಡ್ಡಿದರ ಉದ್ದಕ್ಕೂ ಶೇ 9 ಎಂದಿಟ್ಟುಕೊಂಡು ಹೇಳುತ್ತೇನೆ. ನಿಜದಲ್ಲಿ ದರ ಬದಲಾಗುತ್ತಿರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿದಾಗ ಅದಕ್ಕೆ ಹೊಂದಿಸಿದ ಸಾಲಗಳ ಬಡ್ಡಿಯೂ ಏರಿತು.

ಸ್ಟೇಟ್‌ಮೆಂಟ್ ಬಿಡಿಸಿ ಕೂತಾಗ ನಾನು ಮೊದಲು ಹಿಡಿದ ತಪ್ಪು ತಪ್ಪೇ ಆಗಿರಲಿಲ್ಲ. ಬಾಕಿಯ ಅಂಕಣದಲ್ಲಿ ಮೊತ್ತ ತಿಂಗಳು ತಿಂಗಳೂ ಏರುತ್ತಿತ್ತು. ಬಡ್ಡಿಯನ್ನು ಅಸಲಿಗೆ ಸೇರಿಸುತ್ತಿದ್ದಾರೆ, ಚಕ್ರಬಡ್ಡಿ ಹಾಕುತ್ತಿದ್ದಾರೆ ಎಂದು ಸಿಟ್ಟು ಬಂತು. ಮಾದರಿ ಯೋಜನೆಯಂತೆ ಮೊರಟೋರಿಯಂ ಮುಗಿಯುವವರೆಗೆ ಸರಳ ಬಡ್ಡಿ ಮಾತ್ರ ಹಾಕಬೇಕು, ನನ್ನ ಪತ್ರದಲ್ಲೂ ಹಾಗೆಯೇ ಇತ್ತು. ಆದರೆ ಬಾಕಿ ಏರಿದ ಮಾತ್ರಕ್ಕೆ ಅದು ಚಕ್ರಬಡ್ಡಿ ಅಲ್ಲ. ಬಡ್ಡಿಯನ್ನು ಪ್ರತಿ ತಿಂಗಳೂ ಖಾತೆಗೆ ಬರೆದಿಟ್ಟು, ಲೆಕ್ಕವನ್ನು ಮಾತ್ರ ಅಸಲಿನ ಮೇಲೆಯೇ ಮಾಡುವ ಪದ್ಧತಿ ಇದೆ. ಅಂಥ ಖಾತೆಯಲ್ಲಿ ಬಾಕಿ ಬೆಳೆದರೂ ಬಡ್ಡಿಗೆ ಬಡ್ಡಿ ಬಿದ್ದಿರುವುದಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಬಾಕಿಯನ್ನು ಬಿಟ್ಟು, ಆಯಾ ತಿಂಗಳ ಬಡ್ಡಿಯ ಮೊತ್ತವನ್ನು ನೋಡಬೇಕು. ಅಸಲನ್ನು ಬಡ್ಡಿದರದಿಂದ ಗುಣಿಸಿ, ಆ ತಿಂಗಳ ದಿನಗಳಿಂದ ಗುಣಿಸಿ, 365ರಿಂದ ಭಾಗಿಸಿದರೆ ಆ ತಿಂಗಳ ಸರಳ ಬಡ್ಡಿ ಸಿಗುತ್ತದೆ. ಮೂರು ಲಕ್ಷಕ್ಕೆ ಶೇ 9ರಂತೆ 31 ದಿನಗಳ ತಿಂಗಳಿಗೆ 2,293 ರೂಪಾಯಿ, 30 ದಿನಗಳ ತಿಂಗಳಿಗೆ 2,219 ರೂಪಾಯಿ. ದರ ಬದಲಾಗದೆ, ಹೊಸ ಹಣ ಬಿಡುಗಡೆಯಾಗದೆ ಇದ್ದರೆ 31 ದಿನಗಳ ಎಲ್ಲ ತಿಂಗಳಲ್ಲೂ ಒಂದೇ ಮೊತ್ತ ಬರಬೇಕು. ಮೇ ತಿಂಗಳ ಬಡ್ಡಿಗೂ ಜುಲೈ ಬಡ್ಡಿಗೂ ವ್ಯತ್ಯಾಸ ಇಲ್ಲದಿದ್ದರೆ ಅದು ಸರಳ ಬಡ್ಡಿ. ಪ್ರತಿ ಸಲ ಸ್ವಲ್ಪ ಸ್ವಲ್ಪ ಏರುತ್ತಿದ್ದರೆ ಬಡ್ಡಿಯ ಮೇಲೂ ಬಡ್ಡಿ ಬೀಳುತ್ತಿದೆ ಎಂದರ್ಥ.

ನನ್ನ ಖಾತೆಯಲ್ಲಿ 2024ರ ಮೇ ತಿಂಗಳ ಬಡ್ಡಿ 2,293. ಜುಲೈನದ್ದೂ 2,293. ಅಲ್ಲಿಯವರೆಗೆ ಎಲ್ಲ ಸರಿ. ಆಗಸ್ಟ್‌ನದ್ದು 2,677 ರೂಪಾಯಿ! ಅದೇ 31 ದಿನ, ಅದೇ ದರ, ಹೊಸ ಹಣ ಒಂದು ರೂಪಾಯಿಯೂ ಬಿಡುಗಡೆಯಾಗಿಲ್ಲ. ಹಾಗಿದ್ದರೂ 384 ರೂಪಾಯಿ ಹೆಚ್ಚು. ಈಗ ಲೆಕ್ಕವನ್ನು ಹಿಂದಿನಿಂದ ಮಾಡಿದೆ. ಶೇ 9ರ ದರದಲ್ಲಿ 31 ದಿನಕ್ಕೆ 2,677 ರೂಪಾಯಿ ಬಡ್ಡಿ ಬರಬೇಕಾದರೆ ಅಸಲು ಎಷ್ಟಿರಬೇಕು? ಸುಮಾರು ಮೂರೂವರೆ ಲಕ್ಷ. ನನ್ನ ಅಸಲು ಮೂರು ಲಕ್ಷ. ಉಳಿದ ಐವತ್ತು ಸಾವಿರ ಎಲ್ಲಿಂದ ಬಂತು?

ಅದು ಅಲ್ಲಿಯವರೆಗೆ ಸೇರಿದ ಬಡ್ಡಿ. ಲಕ್ಷಕ್ಕೆ ಶೇ 9 ಎಂದರೆ ತಿಂಗಳಿಗೆ 750 ರೂಪಾಯಿ. 2024ರ ಜುಲೈ ಕೊನೆಗೆ ಮೊದಲ ಲಕ್ಷಕ್ಕೆ 33 ತಿಂಗಳು ತುಂಬಿತ್ತು: 24,750. ಎರಡನೆಯದಕ್ಕೆ 23 ತಿಂಗಳು: 17,250. ಮೂರನೆಯದಕ್ಕೆ 11 ತಿಂಗಳು: 8,250. ಒಟ್ಟು 50,250 ರೂಪಾಯಿ. ಆಗಸ್ಟ್ 1ರಂದು ಈ ಇಡೀ ಮೊತ್ತವನ್ನು ಅಸಲಿಗೆ ಸೇರಿಸಿ, 3,50,250 ರೂಪಾಯಿಯೇ ಹೊಸ ಅಸಲು ಎಂದು ಮಾಡಲಾಗಿತ್ತು. ಇದನ್ನೇ ಬ್ಯಾಂಕಿನವರು ಕ್ಯಾಪಿಟಲೈಸೇಷನ್ ಎನ್ನುವುದು. ಆ ಮೊತ್ತಕ್ಕೆ 120 ಕಂತು ಎಂದರೆ ತಿಂಗಳಿಗೆ 4,437 ರೂಪಾಯಿ. ಅಪ್ಪನ ಮೊಬೈಲಿಗೆ ಬಂದ ಅಂಕಿ ಅದೇ.

ಬಡ್ಡಿಯನ್ನು ಅಸಲಿಗೆ ಸೇರಿಸುವುದು ತಪ್ಪಲ್ಲ. ನಾವು ಓದುವಾಗ ಬಡ್ಡಿ ಕಟ್ಟದಿದ್ದರೆ ಅದು ಒಂದು ದಿನ ಅಸಲಿಗೆ ಸೇರಲೇಬೇಕು. ಆದರೆ ಅದು ಆಗಬೇಕಾದದ್ದು ಒಂದೇ ಸಲ, ಮೊರಟೋರಿಯಂ ಮುಗಿದ ದಿನ. ನನ್ನದರಲ್ಲಿ ಅದು ವರ್ಷ ಮೊದಲೇ ಆಗಿಹೋಗಿತ್ತು. ಹಾಗೆಯೇ ಬಿಟ್ಟು ಒಂದು ವರ್ಷ ಸುಮ್ಮನಿದ್ದಿದ್ದರೆ ಬಡ್ಡಿಗೆ ಬಡ್ಡಿ ಬಿದ್ದು ಸುಮಾರು 5,850 ರೂಪಾಯಿ ಹೆಚ್ಚಾಗುತ್ತಿತ್ತು. ದಂಡ ಬೇರೆ.

ಹಣಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು. ಕಂತು ಗಡುವು ಮೀರಿ 90 ದಿನ ದಾಟಿದರೆ ಆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಸೆಪ್ಟೆಂಬರ್ 1ರಿಂದ ಎಣಿಸಿದರೆ ನನಗೆ ನವೆಂಬರ್ ಕೊನೆಯವರೆಗೆ ಮಾತ್ರ ಸಮಯವಿತ್ತು. ಅಷ್ಟರೊಳಗೇ ಕ್ರೆಡಿಟ್ ವರದಿಯಲ್ಲಿ ಬಾಕಿ ಕಾಣಿಸತೊಡಗಿತ್ತು. ನಾನು ಓದುತ್ತಿದ್ದದ್ದು ಬ್ಯಾಂಕ್ ಪರೀಕ್ಷೆಗೆ. ಸಾಲ ಬಾಕಿ ಉಳಿಸಿಕೊಂಡು ಸಿಬಿಲ್ ವರದಿ ಕೆಟ್ಟಿರುವವರಿಗೆ ನೇಮಕಾತಿ ಪತ್ರ ಸಿಗದಂತೆ ಮಾಡುವ ಷರತ್ತು ಬ್ಯಾಂಕ್ ನೇಮಕಾತಿ ಅಧಿಸೂಚನೆಗಳಲ್ಲೇ ಇರುತ್ತದೆ. ಮಾಡದ ತಪ್ಪಿಗೆ ಪರೀಕ್ಷೆ ಬರೆಯುವ ಮೊದಲೇ ಸೋಲುವ ಪರಿಸ್ಥಿತಿ. ಅಪ್ಪ ಸಹ-ಸಾಲಗಾರ ಆದ್ದರಿಂದ ಅವರ ವರದಿಗೂ ಕಪ್ಪು ಮಚ್ಚೆ.

ಶಾಖೆಯಲ್ಲಿ ಮೊದಲು ಸಿಕ್ಕ ಅಧಿಕಾರಿ ಕಂಪ್ಯೂಟರ್ ನೋಡಿ, ‘ನೋಡಮ್ಮಾ, ಸಿಸ್ಟಂ ಹೀಗೇ ತೋರಿಸ್ತಿದೆ. ಕೆಲಸ ಸಿಗಲಿಲ್ಲ ಅಂತ ಬ್ಯಾಂಕು ಬಿಡೋಕಾಗುತ್ತಾ?’ ಎಂದರು. ಕೆಲಸ ಸಿಗಲಿಲ್ಲ ಎಂದು ನಾನು ಬಂದಿರಲಿಲ್ಲ. ಮಂಜೂರಾತಿ ಪತ್ರದ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಮುಂದಿಟ್ಟೆ. ‘ಸರ್, ಸಿಸ್ಟಂನಲ್ಲಿ ಮೊರಟೋರಿಯಂ ಎಷ್ಟು ತಿಂಗಳು ಅಂತ ಇದೆ, ಅದನ್ನು ಮಾತ್ರ ನೋಡಿ ಹೇಳಿ’ ಎಂದೆ. ಪಕ್ಕದ ಮೇಜಿನ ಮೇಡಂ ತೆರೆದು ನೋಡಿದರು. 33 ತಿಂಗಳು ಎಂದಿತ್ತು. ಇರಬೇಕಾದದ್ದು 45. ಖಾತೆ ತೆರೆಯುವಾಗ ಯಾರೋ ಕೋರ್ಸಿನ 33 ತಿಂಗಳನ್ನಷ್ಟೇ ತುಂಬಿ, ಮೇಲಿನ 12 ತಿಂಗಳನ್ನು ಸೇರಿಸಲು ಮರೆತಿದ್ದರು. ಮೂರು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಿನ ಬಂದ ಕೂಡಲೇ ಕಂಪ್ಯೂಟರ್ ತನ್ನಷ್ಟಕ್ಕೆ ಬಡ್ಡಿಯನ್ನು ಅಸಲಿಗೆ ಸೇರಿಸಿತು, ಕಂತು ಕೇಳಿತು, ಸಂದೇಶ ಕಳಿಸಿತು.

ಬಾಯಿಮಾತಿನಲ್ಲಿ ‘ಸರಿ ಮಾಡ್ತೀವಿ’ ಎಂದರೂ ನಾನು ಒಂದು ಪುಟದ ಅರ್ಜಿ ಬರೆದು, ಪತ್ರ ಮತ್ತು ಸ್ಟೇಟ್‌ಮೆಂಟಿನ ನಕಲು ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಅದರಲ್ಲಿ ನಾಲ್ಕು ವಿಷಯ ಕೇಳಿದ್ದೆ: ಮೊರಟೋರಿಯಂ ಅಂತ್ಯವನ್ನು 2025ರ ಜುಲೈ 31ಕ್ಕೆ ತಿದ್ದಬೇಕು, ಆಗಸ್ಟ್ 1ರ ಕ್ಯಾಪಿಟಲೈಸೇಷನ್ ರದ್ದಾಗಬೇಕು, ಹೆಚ್ಚು ಬಿದ್ದ ಬಡ್ಡಿ ಮತ್ತು ದಂಡ ವಾಪಸ್ ಬರಬೇಕು, ಕ್ರೆಡಿಟ್ ಸಂಸ್ಥೆಗಳಿಗೆ ಕಳಿಸಿದ ಬಾಕಿಯ ಮಾಹಿತಿ ಸರಿಯಾಗಬೇಕು. ನಾಲ್ಕನೆಯದನ್ನು ಬೇರೆಯಾಗಿ ಬರೆಯುವುದು ಮುಖ್ಯ. ಖಾತೆ ಸರಿಯಾದರೂ ಕ್ರೆಡಿಟ್ ವರದಿ ತಾನಾಗಿಯೇ ಸರಿಹೋಗುತ್ತದೆ ಎಂದು ನಂಬಿ ಕೂರಬಾರದು.

ಮೂರು ವಾರದಲ್ಲಿ ಸ್ಟೇಟ್‌ಮೆಂಟಿನಲ್ಲಿ ತಿದ್ದುಪಡಿಯ ಜಮಾ ನಮೂದುಗಳು ಕಾಣಿಸಿದವು. ಮುಂದಿನ 30 ದಿನಗಳ ತಿಂಗಳ ಬಡ್ಡಿ ಮತ್ತೆ 2,219ಕ್ಕೆ ಇಳಿಯಿತು. ಅದನ್ನು ನೋಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ಕ್ರೆಡಿಟ್ ವರದಿ ಸರಿಯಾಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಪ್ರತಿ ಕ್ರೆಡಿಟ್ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ದೂರು ಕೊಟ್ಟು 30 ದಿನದಲ್ಲಿ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಬ್ಯಾಂಕು 30 ದಿನ ಉತ್ತರವನ್ನೇ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಆದರೆ ಸೀಲು ಬಿದ್ದ ಆ ಪ್ರತಿ ಇಲ್ಲದಿದ್ದರೆ 30 ದಿನ ಎಲ್ಲಿಂದ ಎಣಿಸುವುದು?

ಹಾಗೆಂದು ಸರಿಯಾದ ಲೆಕ್ಕ ಸಿಹಿಯಾಗಿರುತ್ತದೆ ಎಂದೇನಲ್ಲ. 2025ರ ಜುಲೈ ಕೊನೆಯವರೆಗೆ ನನ್ನ ಸಾಲಕ್ಕೆ ನ್ಯಾಯವಾಗಿಯೇ 45, 35 ಮತ್ತು 23 ತಿಂಗಳ ಬಡ್ಡಿ ಸೇರಿ 77,250 ರೂಪಾಯಿ ಆಗುತ್ತಿತ್ತು. ಅದು ಅಸಲಿಗೆ ಸೇರಿ 3,77,250. ಕಂತು 4,779 ರೂಪಾಯಿ. ಅಂದರೆ ವರ್ಷ ಮೊದಲು ಕೇಳಿದ್ದಕ್ಕಿಂತ ಹೆಚ್ಚೇ. ಬಿಡುವಿನ ಕಾಲ ಉಚಿತವಲ್ಲ, ಆ ಒಂದು ವರ್ಷಕ್ಕೆ ನಾನು 27,000 ರೂಪಾಯಿ ಬಡ್ಡಿ ತೆತ್ತಿದ್ದೇನೆ. ‘ಹಾಗಾದರೆ ಮೊದಲೇ ಕಟ್ಟಿದ್ದರೆ ಲಾಭವಲ್ಲವೇ, ಇಷ್ಟೆಲ್ಲ ಓಡಾಟ ಯಾಕೆ?’ ಎಂದು ಒಬ್ಬ ಗೆಳತಿ ಕೇಳಿದಳು. ಕೈಯಲ್ಲಿ ದುಡ್ಡಿದ್ದವರು ಮೊದಲೇ ಕಟ್ಟಲಿ, ಒಳ್ಳೆಯದು. ಆದರೆ ಕಟ್ಟುವುದು ನನ್ನ ಆಯ್ಕೆ ಆಗಿರಬೇಕು. ಪತ್ರದಲ್ಲಿ ಕೊಟ್ಟ ಒಂದು ವರ್ಷವನ್ನು ಕೀಲಿಮಣೆಯ ತಪ್ಪೊಂದು ಕಿತ್ತುಕೊಂಡು, ನನ್ನನ್ನು ಸುಸ್ತಿದಾರಳು ಎಂದು ಬರೆಯುವಂತಿಲ್ಲ.

ಆ ದಿನಾಂಕ ಗೊತ್ತಿದ್ದದ್ದರಿಂದ ಇನ್ನೊಂದು ಉಪಯೋಗವೂ ಆಯಿತು. 2025ರಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಉಳಿಸಿದ ಇಪ್ಪತ್ತು ಸಾವಿರವನ್ನು ಜುಲೈ ತಿಂಗಳಲ್ಲೇ, ಬಡ್ಡಿ ಅಸಲಿಗೆ ಸೇರುವ ಮೊದಲೇ ಕಟ್ಟಿದೆ. ಸೇರಿದ್ದ ಬಡ್ಡಿಯಿಂದ ಅಷ್ಟು ಕಳೆದು ಹೊಸ ಅಸಲು 3,57,250 ಆಯಿತು. ಕಂತು 4,525ಕ್ಕೆ ಇಳಿಯಿತು. ತಿಂಗಳಿಗೆ ಸುಮಾರು 250 ರೂಪಾಯಿ, ಹತ್ತು ವರ್ಷಕ್ಕೆ ಸುಮಾರು 30 ಸಾವಿರ. ಓದುವಾಗಿನಿಂದ ಪೂರ್ತಿ ಬಡ್ಡಿ ಕಟ್ಟಿಕೊಂಡು ಬಂದವರಿಗೆ ದರದಲ್ಲಿ ಶೇ 1ರಷ್ಟು ರಿಯಾಯಿತಿ ಕೊಡಬಹುದೆಂದು ಮಾದರಿ ಯೋಜನೆ ಹೇಳುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದವರಿಗೆ ಮೊರಟೋರಿಯಂ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೂ ಇದೆ. ಅಪ್ಪನ ಸಂಬಳ ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರಿಂದ ನನಗೆ ಸಿಗಲಿಲ್ಲ. ನಿಮಗೆ ಮಂಜೂರಾಗಿದ್ದರೆ ಆ ಹಣ ನಿಮ್ಮ ಖಾತೆಗೆ ಜಮಾ ಆಗಿದೆಯೇ ಎಂದು ಅದೇ ಸ್ಟೇಟ್‌ಮೆಂಟಿನಲ್ಲಿ ನೋಡಿ.

ಕೊನೆಗೆ ಒಂದು ಮಾತು ಬ್ಯಾಂಕುಗಳಿಗೆ. ಶಿಕ್ಷಣ ಸಾಲದ ಸ್ಟೇಟ್‌ಮೆಂಟಿನ ತಲೆಯ ಮೇಲೆ ಎರಡು ಸಾಲು ಹೆಚ್ಚಿಗೆ ಮುದ್ರಿಸಿ: ಮೊರಟೋರಿಯಂ ಮುಗಿಯುವ ದಿನ ಮತ್ತು ಈ ತಿಂಗಳ ಬಡ್ಡಿ ಹಾಕಿದ ಅಸಲು ಎಷ್ಟು ಎಂಬುದು. ನನ್ನ ಸ್ಟೇಟ್‌ಮೆಂಟಿನಲ್ಲಿ ಈ ಎರಡೂ ಇರಲಿಲ್ಲ. ಇದ್ದಿದ್ದರೆ ಮೊದಲ ವರ್ಷವೇ ತಪ್ಪು ಕಣ್ಣಿಗೆ ಬೀಳುತ್ತಿತ್ತು, ಅಪ್ಪ ಸೊಸೈಟಿಯ ಬಾಗಿಲಿಗೆ ಹೋಗುವ ಯೋಚನೆ ಮಾಡಬೇಕಿರಲಿಲ್ಲ. ಹಣ ಬಿಡುಗಡೆಯಾದ ದಿನವೇ ಈ ಎರಡು ಅಂಕಿಗಳನ್ನು ವಿದ್ಯಾರ್ಥಿಗೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಅವರು ಮುದ್ರಿಸುವವರೆಗೆ ನಾವೇ ಬರೆದುಕೊಳ್ಳೋಣ. ನನ್ನ ತಮ್ಮ ಈ ವರ್ಷ ನರ್ಸಿಂಗ್ ಸೇರಿದ್ದಾನೆ, ಅವನಿಗೂ ಸಾಲ ಆಗಿದೆ. ಮೊದಲ ಕಂತಿನ ಹಣ ಕಾಲೇಜಿಗೆ ಹೋದ ದಿನ ಅಪ್ಪನೇ ಅವನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ, ಸಿಸ್ಟಂನಲ್ಲಿ ಎಷ್ಟು ತಿಂಗಳು ತುಂಬಿದ್ದಾರೆಂದು ಕೇಳಿಕೊಂಡು ಬಂದರು. ಬಂದವರೇ ಮಂಜೂರಾತಿ ಪತ್ರದ ಹಿಂಬದಿಯಲ್ಲಿ, ಟಿಕೆಟ್ ಲೆಕ್ಕ ಬರೆಯುವ ಅದೇ ದುಂಡನೆಯ ಅಕ್ಷರದಲ್ಲಿ, ಕಂತು ಶುರುವಾಗುವ ದಿನಾಂಕ ಬರೆದು ಕೆಳಗೆ ಗೆರೆ ಎಳೆದರು.